ಫೋನು ಅಡ್ಡವೋ, ನೆಟ್ಟಗೋ?

ತಿರುವಲ್ಲಿಕ್ಕೇಣಿ ಎಂಬ ಚೆಂದದ ಹೆಸರು ಬ್ರಿಟಿಷರ ಬಾಯಲ್ಲಿ ತ್ರಿಪ್ಲಿಕೇನ್ ಆಯಿತು. ನಾವು ಕನ್ನಡಿಗರೂ ಹಾಗೆಯೇ ಕರೆಯುತ್ತೇವೆ. ಇಲ್ಲಿ ಪಾರ್ಥಸಾರಥಿ ಸ್ವಾಮಿಯ ಉತ್ಸವಗಳಿಗೆ ಬಿಡುವೇ ಇಲ್ಲ. ಚಿತ್ತಿರೈ ಬ್ರಹ್ಮೋತ್ಸವದ ತೇರು ಹೊರಟಾಗ ಜನರ ಕೈಗಳನ್ನು ಗಮನಿಸಿ ನೋಡಿ. ಒಂದು ಕಾಲಕ್ಕೆ ಮುಗಿಯಲೆಂದು ಮೇಲೇಳುತ್ತಿದ್ದ ಕೈಗಳಲ್ಲಿ ಇಂದು ಫೋನು ಇರುತ್ತದೆ. ಕೆಲವರು ಅದನ್ನು ನೆಟ್ಟಗೆ ಹಿಡಿದಿರುತ್ತಾರೆ, ಕೆಲವರು ಅಡ್ಡಲಾಗಿ. ನೆಟ್ಟಗೆ ಹಿಡಿದವರಿಗೆ ತೇರಿನ ಕಳಶದಿಂದ ಚಕ್ರದವರೆಗೆ ಎಲ್ಲವೂ ಸಿಗುತ್ತದೆ, ಆದರೆ ಹಗ್ಗ ಹಿಡಿದು ಎಳೆಯುವವರು ಬಿಟ್ಟುಹೋಗುತ್ತಾರೆ. ಅಡ್ಡಲಾಗಿ ಹಿಡಿದವರಿಗೆ ಹಗ್ಗ, ಜನ, ಬೀದಿಯ ಎರಡೂ ಪಕ್ಕದ ಮನೆಗಳು ಸಿಗುತ್ತವೆ, ಕಳಶ ಮಾತ್ರ ಚೌಕಟ್ಟಿನ ಆಚೆ ಉಳಿಯುತ್ತದೆ.

ಇಬ್ಬರಲ್ಲಿ ಯಾರು ಸರಿ ಎಂದು ಕೇಳಿದರೆ ಇಬ್ಬರೂ ಸರಿಯೇ. ತೇರು ಎತ್ತರದ ವಸ್ತು, ತೇರೆಳೆಯುವುದು ಅಗಲದ ಕೆಲಸ. ಯಾವುದು ಬೇಕೆಂದು ಮೊದಲೇ ಗೊತ್ತುಮಾಡಿಕೊಂಡು ಹಿಡಿದರೆ ತಕರಾರಿಲ್ಲ. ಒಂದು ಆಕಾರದಲ್ಲಿ ತೆಗೆದ ಚಿತ್ರವನ್ನು ಆಮೇಲೆ ಬೇರೊಬ್ಬರು ಇನ್ನೊಂದು ಆಕಾರಕ್ಕೆ ಕತ್ತರಿಸಿದಾಗಲೇ ತಕರಾರು ಹುಟ್ಟುವುದು. ಮನೆಯ ಟಿವಿಗೂ ಸಂಘದ ಸಭಾಂಗಣದ ಪರದೆಗೂ ಅಡ್ಡ ಚಿತ್ರ ಬೇಕು. ವಾಟ್ಸ್ಆಪ್ ಸ್ಟೇಟಸ್, ಇನ್‌ಸ್ಟಾಗ್ರಾಮ್ ರೀಲ್ಸ್, ಯೂಟ್ಯೂಬ್ ಶಾರ್ಟ್ಸ್‌ಗಳಿಗೆ ನಿಲುವು ಚಿತ್ರ ಬೇಕು. ಚಿತ್ರೀಕರಣ ನಡೆಯುವುದು ಒಂದೇ ಸಲ, ಕೇಳುವ ಬಾಯಿಗಳು ಎರಡು.

ಈ ಕತ್ತರಿಯ ವಿಷಯ ನಮಗೆ ಹೊಸದೇನಲ್ಲ. ನಮ್ಮ ವಯಸ್ಸಿನವರು ಭಾನುವಾರ ಮಧ್ಯಾಹ್ನ ದೂರದರ್ಶನದಲ್ಲಿ ಪ್ರಾದೇಶಿಕ ಭಾಷೆಗಳ ಚಿತ್ರ ನೋಡಿ ಬೆಳೆದವರು. ಆ ದಿನಗಳ ಟಿವಿ ಪೆಟ್ಟಿಗೆಯ ಪರದೆ ನಾಲ್ಕು ಪಾಲು ಅಗಲ, ಮೂರು ಪಾಲು ಎತ್ತರ. ಸಿನೆಮಾ ಮಾತ್ರ ಅಷ್ಟರಲ್ಲಿ ಅಗಲವಾಗಿ ಬೆಳೆದಿತ್ತು. ತಮಿಳಿಗೆ 1973ರಲ್ಲಿ ‘ರಾಜರಾಜ ಚೋಳನ್’ ಚಿತ್ರದಿಂದಲೂ ಕನ್ನಡಕ್ಕೆ 1977ರಲ್ಲಿ ‘ಸೊಸೆ ತಂದ ಸೌಭಾಗ್ಯ’ ಚಿತ್ರದಿಂದಲೂ ಸಿನೆಮಾಸ್ಕೋಪ್ ಬಂದಿತು. ಸ್ಕೋಪ್ ಚಿತ್ರದ ಅಗಲ ಅದರ ಎತ್ತರದ ಎರಡೂ ಕಾಲು ಪಟ್ಟಿಗಿಂತ ತುಸು ಹೆಚ್ಚು. ಅದನ್ನು ಹಳೆಯ ಟಿವಿ ಪರದೆಯ ತುಂಬ ತೋರಿಸಬೇಕಾದರೆ ಚಿತ್ರದ ಸುಮಾರು 57 ಪಾಲನ್ನು ಮಾತ್ರ ಇಟ್ಟುಕೊಂಡು ಉಳಿದ 43 ಪಾಲನ್ನು ಪಕ್ಕಗಳಿಂದ ಕತ್ತರಿಸಬೇಕಾಗುತ್ತಿತ್ತು. ನಾಯಕ ಒಂದು ತುದಿಯಲ್ಲಿ, ನಾಯಕಿ ಇನ್ನೊಂದು ತುದಿಯಲ್ಲಿ ನಿಂತು ಮಾತನಾಡುತ್ತಿದ್ದರೆ ಟಿವಿಯಲ್ಲಿ ಎರಡು ಮೂಗಿನ ತುದಿಗಳೂ ನಡುವೆ ಒಂದು ಹೂದಾನಿಯೂ ಕಾಣುತ್ತಿದ್ದವು.

ಇದನ್ನು ಅರಿತ ಛಾಯಾಗ್ರಾಹಕರು ಒಂದು ಉಪಾಯ ಮಾಡುತ್ತಿದ್ದರು. ಕ್ಯಾಮೆರಾದ ಒಳಗಿನ ಗಾಜಿನ ಮೇಲೆ ಎರಡು ಆಕಾರಗಳ ಗೆರೆಗಳನ್ನೂ ಹಾಕಿಸಿಕೊಂಡು, ಥಿಯೇಟರಿಗೆ ದೊಡ್ಡ ಚೌಕಟ್ಟು ತುಂಬುವಂತೆ ನೋಡಿಕೊಂಡು, ಕಥೆಗೆ ಅತ್ಯಗತ್ಯವಾದ ಮುಖಗಳನ್ನು ಒಳಗಿನ ಸಣ್ಣ ಚೌಕಟ್ಟಿನಲ್ಲೇ ಇಡುತ್ತಿದ್ದರು. ಅಂದರೆ ಕತ್ತರಿ ಎಲ್ಲಿ ಬೀಳುತ್ತದೆ ಎಂಬುದನ್ನು ಚಿತ್ರ ತೆಗೆಯುವ ಮುಂಚೆಯೇ ನೋಡಿಬಿಡುತ್ತಿದ್ದರು. ಇಂದು ಫೋನು ಹಿಡಿದ ನಮಗೆಲ್ಲ ಬೇಕಾಗಿರುವುದು ಇದೊಂದೇ ಪಾಠ. ಅದು ಬೇಕೇಬೇಕು ಎಂಬುದಕ್ಕೆ ನಮ್ಮ ಬಂಧುಗಳ ಮನೆಯಲ್ಲಿ ನಡೆದ ಒಂದು ಸಂಗತಿಯನ್ನು ಹೇಳುತ್ತೇನೆ.

ನಮ್ಮ ದೊಡ್ಡಮ್ಮ, ಚಿಕ್ಕಮ್ಮ ಇಬ್ಬರೂ ಮದುವೆಯಾಗಿ ಬಂದು ನೆಲೆಸಿದ್ದು ತ್ರಿಪ್ಲಿಕೇನಿನಲ್ಲೇ. ಅಕ್ಕಪಕ್ಕದ ಬೀದಿಗಳಲ್ಲಿ ಮನೆ. ತಮ್ಮ ತಾಯಿಯಿಂದ ಕಲಿತ ದೇವರನಾಮಗಳನ್ನೂ ಹಸೆ ಹಾಡುಗಳನ್ನೂ ಇಬ್ಬರೂ ಜೊತೆಯಾಗಿ ಹಾಡುತ್ತಿದ್ದರು. ಒಬ್ಬರು ಎತ್ತಿಕೊಂಡರೆ ಇನ್ನೊಬ್ಬರು ಮುಗಿಸುವ ಅಭ್ಯಾಸ. 2019ರ ನವರಾತ್ರಿಯಲ್ಲಿ ದೊಡ್ಡಮ್ಮನ ಮನೆಯಲ್ಲಿ ಗೊಂಬೆ ಕೂರಿಸಿದ್ದಾಗ ಅವರು ಹಾಡಿದ್ದನ್ನು ಮನೆಯ ಹುಡುಗನೊಬ್ಬ ಫೋನಿನಲ್ಲಿ ಹಿಡಿದ. ಫೋನನ್ನು ಅಡ್ಡಲಾಗಿಯೇ ಹಿಡಿದಿದ್ದ. ಗೊಂಬೆ ಮೆಟ್ಟಿಲುಗಳ ಎಡಕ್ಕೆ ಶ್ರುತಿ ಪೆಟ್ಟಿಗೆ ಇಟ್ಟುಕೊಂಡ ದೊಡ್ಡಮ್ಮ, ಬಲಕ್ಕೆ ಚಿಕ್ಕಮ್ಮ, ನಡುವೆ ಪಟ್ಟದ ಗೊಂಬೆಗಳು. ಆ ಚಿತ್ರ ಚೆನ್ನಾಗಿತ್ತಂತೆ. ‘ಅಂತೆ’ ಎಂದೇಕೆ ಹೇಳುತ್ತೇನೆಂದರೆ ಅದನ್ನು ಪೂರ್ತಿಯಾಗಿ ನೋಡಿದವರು ನಾಲ್ಕೈದು ಜನ ಮಾತ್ರ.

ಹುಡುಗ ಅದನ್ನು ವಾಟ್ಸ್ಆಪ್‌ನಲ್ಲಿ ಊರಾಚೆಯ ಸೋದರನಿಗೆ ಕಳಿಸಿದ. ಆತ ಸ್ಟೇಟಸ್‌ಗೆ ಹಾಕಲು ಪರದೆ ತುಂಬುವಂತೆ ನಿಲುವಾಗಿ ಕತ್ತರಿಸಿದ. ಮನೆಯವರೆಲ್ಲರಿಗೂ ತಲುಪಿದ್ದು ಆ ಕತ್ತರಿಸಿದ ತುಣುಕೇ. ಅದರಲ್ಲಿ ಪಟ್ಟದ ಗೊಂಬೆಗಳು ರಾಜಗಾಂಭೀರ್ಯದಿಂದ ನಡುವೆ ನಿಂತಿವೆ. ಎಡ ಅಂಚಿನಲ್ಲಿ ದೊಡ್ಡಮ್ಮನ ಒಂದು ಕೆನ್ನೆ, ಬಲ ಅಂಚಿನಲ್ಲಿ ಚಿಕ್ಕಮ್ಮನ ಒಂದು ಕಿವಿಯೋಲೆ. ದೊಡ್ಡಮ್ಮ ನೋಡಿ ನಕ್ಕು, ‘ಏನೋ ಇದು, ಹಾಡಿದ್ದು ನಾವೋ, ಗೊಂಬೆಗಳೋ?’ ಎಂದರು. ಆಗ ಎಲ್ಲರೂ ನಕ್ಕೆವು. 2021ರಲ್ಲಿ ದೊಡ್ಡಮ್ಮ ತೀರಿಕೊಂಡರು. ಅಷ್ಟರಲ್ಲಿ ಹುಡುಗನ ಫೋನಿನಲ್ಲಿ ಜಾಗ ಸಾಲದೆ ಮೂಲ ಅಳಿಸಿಹೋಗಿತ್ತು, ಆ ಫೋನೂ ಕೈಬದಲಾಗಿತ್ತು. ಅಕ್ಕತಂಗಿಯರು ಜೊತೆಯಾಗಿ ಹಾಡಿದ್ದಕ್ಕೆ ಇಂದು ಉಳಿದಿರುವುದು ಆ ತುಣುಕೊಂದೇ. ದನಿ ಪೂರ್ತಿ ಇದೆ, ಮುಖ ಅರ್ಧ ಇದೆ.

ಅದರಿಂದ ಏನಾದರೂ ಮಾಡಲು ಸಾಧ್ಯವೇ ಎಂದು ಚಿಕ್ಕಮ್ಮ ನನ್ನನ್ನು ಕೇಳಿದರು. ಮದುವೆ, ಮುಂಜಿಗಳ ವಿಡಿಯೊಗಳನ್ನು ಜೋಡಿಸಿ ಕೊಡುವ ಕೆಲಸ ನನಗೆ ಸ್ವಲ್ಪ ರೂಢಿ. ನೋಡಿದೆ. ಕತ್ತರಿಸಿ ಎಸೆದ ಭಾಗ ಕಡತದಲ್ಲಿ ಇರುವುದೇ ಇಲ್ಲ. ಬಟ್ಟೆಯನ್ನು ಮಡಿಸಿ ಹೊಲಿದಿದ್ದರೆ ಬಿಚ್ಚಬಹುದು, ಕತ್ತರಿಸಿದರೆ ಬಿಚ್ಚುವುದೇನು? ಸಾಲದ್ದಕ್ಕೆ ಚಿತ್ರ ಮಸುಕು. ಅದರ ಲೆಕ್ಕ ಹೀಗೆ. ವಾಟ್ಸ್ಆಪ್ ಸಾಮಾನ್ಯ ರೀತಿಯಲ್ಲಿ ವಿಡಿಯೊ ಕಳಿಸುವಾಗ ಅದನ್ನು ಕುಗ್ಗಿಸುತ್ತದೆ. ಅಡ್ಡ ಚಿತ್ರ ಸುಮಾರು 850 ಚುಕ್ಕಿ ಅಗಲ, 480 ಚುಕ್ಕಿ ಎತ್ತರಕ್ಕೆ ಇಳಿದಿರುತ್ತದೆ. ಅದರಿಂದ ನಿಲುವು ತುಂಡು ತೆಗೆದರೆ ಉಳಿಯುವ ಅಗಲ ಕೇವಲ 270 ಚುಕ್ಕಿ. ಸ್ಟೇಟಸ್ ತುಂಬಲು ಬೇಕಾದದ್ದು 1080. ಒಂದು ಚುಕ್ಕಿಯನ್ನು ನಾಲ್ಕು ಪಟ್ಟು ಎಳೆದರೆ ಕಣ್ಣು ಯಾವುದು, ಕನ್ನಡಕ ಯಾವುದು ಎಂದು ತಿಳಿಯುವುದು ಕಷ್ಟ. ಕೊನೆಗೆ ದನಿಯನ್ನು ಮಾತ್ರ ಬಿಡಿಸಿ, ಅದಕ್ಕೆ ಅವರಿಬ್ಬರ ಹಳೆಯ ಫೋಟೊ ಒಂದನ್ನು ಜೋಡಿಸಿ ಕೊಟ್ಟೆ.

ಇಲ್ಲಿ ಓದುಗರು ಒಂದು ಮಾತನ್ನು ಗಮನಿಸಬೇಕು. ಅಡ್ಡ ಹಿಡಿದದ್ದು ತಪ್ಪಲ್ಲ, ನಿಲುವು ಬೇಕೆಂದದ್ದೂ ತಪ್ಪಲ್ಲ. ಇಬ್ಬರು ಕುಳಿತ ಜಾಗಕ್ಕೂ ಕತ್ತರಿ ಬೀಳುವ ಜಾಗಕ್ಕೂ ಹೊಂದಾಣಿಕೆ ಇರಲಿಲ್ಲ, ಅಷ್ಟೇ. ಕತ್ತರಿ ಎಲ್ಲಿ ಬೀಳುತ್ತದೆ ಎಂಬುದು ಊಹೆಯ ಮಾತಲ್ಲ, ಅಡಿ ಅಂಗುಲಗಳಲ್ಲಿ ಹೇಳಬಹುದಾದ ಲೆಕ್ಕ.

ಅಡ್ಡ ವಿಡಿಯೊ 16 ಪಾಲು ಅಗಲ, 9 ಪಾಲು ಎತ್ತರ. ನಿಲುವು ವಿಡಿಯೊ ಅದರ ತಿರುಗುಮುರುಗು, 9 ಪಾಲು ಅಗಲ, 16 ಪಾಲು ಎತ್ತರ. ಅಡ್ಡ ಚಿತ್ರದ ಪೂರ್ತಿ ಎತ್ತರವನ್ನು ಇಟ್ಟುಕೊಂಡು ನಿಲುವು ತುಂಡು ತೆಗೆದರೆ ಅಗಲದಲ್ಲಿ ನೂರಕ್ಕೆ ಸುಮಾರು 32 ಪಾಲು ಉಳಿಯುತ್ತದೆ. ಮೂರನೇ ಒಂದು ಭಾಗಕ್ಕಿಂತ ಒಂದಿಷ್ಟು ಕಡಿಮೆ. ಮೂರರಲ್ಲಿ ಎರಡು ಭಾಗ ಹೋಗುತ್ತದೆ ಎಂದು ಹೇಳಿದರೆ ಬಹಳ ಜನ ನಂಬುವುದಿಲ್ಲ. ‘ಸ್ವಲ್ಪ ಪಕ್ಕ ಹೋಗಬಹುದು’ ಎಂದುಕೊಂಡಿರುತ್ತಾರೆ.

ಈಗ ಅಡಿ ಲೆಕ್ಕಕ್ಕೆ ಬರೋಣ. ಸಾಮಾನ್ಯ ಫೋನಿನ ಮುಖ್ಯ ಕ್ಯಾಮೆರಾವನ್ನು ಅಡ್ಡ ಹಿಡಿದು ವಿಡಿಯೊ ತೆಗೆದರೆ, ಹತ್ತು ಅಡಿ ದೂರದಲ್ಲಿ ಸುಮಾರು ಹನ್ನೆರಡು ಅಡಿ ಅಗಲ ಕಾಣುತ್ತದೆ. ಫೋನಿನಿಂದ ಫೋನಿಗೆ ಸ್ವಲ್ಪ ವ್ಯತ್ಯಾಸವಿರುತ್ತದೆ. ನಿಮ್ಮ ಮನೆಯ ಗೋಡೆಗೆ ಎದುರಾಗಿ ನಿಂತು ಟೇಪು ಹಿಡಿದರೆ ನಿಮ್ಮ ಫೋನಿನ ಲೆಕ್ಕ ಒಂದೇ ನಿಮಿಷದಲ್ಲಿ ಸಿಗುತ್ತದೆ. ಹನ್ನೆರಡು ಅಡಿ ಅಗಲದ ಚಿತ್ರದಿಂದ ನಿಲುವು ತುಂಡು ತೆಗೆದರೆ ಉಳಿಯುವುದು 3.8 ಅಡಿ. ನಟ್ಟನಡುವಿನಿಂದ ಎಡಕ್ಕೆ 1.9, ಬಲಕ್ಕೆ 1.9. ದೊಡ್ಡಮ್ಮನ ಮನೆಯ ಹಾಲಿನಲ್ಲಿ ಹುಡುಗ ನಿಂತಿದ್ದು ಹೆಚ್ಚುಕಡಿಮೆ ಹತ್ತು ಅಡಿ ದೂರದಲ್ಲೇ. ಗೊಂಬೆಗಳು ಮರೆಯಾಗದಿರಲೆಂದು ಅಕ್ಕತಂಗಿಯರು ನಡುವಿನಿಂದ ಎರಡೆರಡು ಅಡಿ ಸರಿದು ಕುಳಿತಿದ್ದರು. ಎರಡು ಅಡಿಯಲ್ಲಿ ಮುಖ, 1.9 ಅಡಿಯಲ್ಲಿ ಕತ್ತರಿ! ಅಳೆದು ಕತ್ತರಿಸಿದ ಹಾಗೆ ಮುಖದ ಮೇಲೆಯೇ ಬಿದ್ದಿತು. ಅದನ್ನೇ ಚೌಕವಾಗಿ ಕತ್ತರಿಸಿದ್ದರೆ 6.75 ಅಡಿ ಅಗಲ ಉಳಿಯುತ್ತಿತ್ತು, ಇಬ್ಬರೂ ಪೂರ್ತಿಯಾಗಿ ಇರುತ್ತಿದ್ದರು.

2023ರ ನವರಾತ್ರಿಯಲ್ಲಿ ಚಿಕ್ಕಮ್ಮ ತಮ್ಮ ಮೊಮ್ಮಗಳಿಗೆ ಅದೇ ಹಾಡುಗಳನ್ನು ಹೇಳಿಕೊಟ್ಟು ಜೊತೆಯಲ್ಲಿ ಹಾಡುವುದೆಂದು ನಿಶ್ಚಯವಾಯಿತು. ಈ ಸಲ ನನ್ನನ್ನು ಕರೆದರು. ಸಂಘದ ಕಾರ್ಯಕ್ರಮದಲ್ಲಿ ದೊಡ್ಡ ಪರದೆಯ ಮೇಲೆ ತೋರಿಸಲು ಅಡ್ಡ ಚಿತ್ರ ಬೇಕು, ಅಮೆರಿಕದ ಮಕ್ಕಳಿಗೆ ಸ್ಟೇಟಸ್‌ನಲ್ಲಿ ನಿಲುವು ಚಿತ್ರ ಬೇಕು. ಹಾಡನ್ನು ಎರಡೆರಡು ಸಲ ಹಾಡಿಸಲು ಚಿಕ್ಕಮ್ಮನಿಗೆ ಉಸಿರು ಸಾಲದು. ಒಂದೇ ಸಲದಲ್ಲಿ ಎರಡೂ ಆಗಬೇಕು. ಅಂದು ಮಾಡಿದ್ದನ್ನು ಕ್ರಮವಾಗಿ ಹೇಳುತ್ತೇನೆ.

ಮೊದಲು ಫೋನಿನ ಕ್ಯಾಮೆರಾ ಸೆಟ್ಟಿಂಗ್ಸ್‌ನಲ್ಲಿ ‘ಗ್ರಿಡ್’ ಎಂಬುದನ್ನು ಚಾಲೂ ಮಾಡಿದೆ. ಪರದೆಯ ಮೇಲೆ ಎರಡು ನಿಲುವು ಗೆರೆ, ಎರಡು ಅಡ್ಡ ಗೆರೆ ಮೂಡಿ ಚಿತ್ರ ಒಂಬತ್ತು ಮನೆಗಳಾಗುತ್ತದೆ. ಈ ಗೆರೆಗಳು ವಿಡಿಯೊದಲ್ಲಿ ದಾಖಲಾಗುವುದಿಲ್ಲ, ತೆಗೆಯುವವರ ಕಣ್ಣಿಗೆ ಮಾತ್ರ. ನಡುವಿನ ಕಂಬಸಾಲು ಚಿತ್ರದ ಸರಿಯಾಗಿ ಮೂರನೇ ಒಂದು ಭಾಗ, ನಿಲುವು ತುಂಡು ಅದಕ್ಕಿಂತ ಕೂದಲೆಳೆಯಷ್ಟು ಕಿರಿದು. ಆದ್ದರಿಂದ ಫೋನನ್ನು ಅಡ್ಡ ಹಿಡಿದಾಗ ಕಾಣುವ ನಡುವಿನ ಸಾಲೇ ನಾಳೆಯ ನಿಲುವು ಚಿತ್ರ ಎಂದು ತಿಳಿದುಕೊಳ್ಳಬಹುದು. ಹಳೆಯ ಛಾಯಾಗ್ರಾಹಕರು ಗಾಜಿನ ಮೇಲೆ ಬರೆಸಿಕೊಳ್ಳುತ್ತಿದ್ದ ಗೆರೆ ಈಗ ಪ್ರತಿ ಫೋನಿನಲ್ಲೂ ಪುಕ್ಕಟೆಯಾಗಿ ಇದೆ. ಮುಖವಾಗಲಿ ಕೈಯಾಗಲಿ ಆ ಎರಡು ಗೆರೆಗಳನ್ನು ಮುಟ್ಟದಿದ್ದರೆ ಕತ್ತರಿಗೆ ಸಿಗುವುದಿಲ್ಲ.

ಎರಡನೆಯದು ಕೂರಿಸುವ ವಿಷಯ. ಅಜ್ಜಿ ಮೊಮ್ಮಗಳು ಗೊಂಬೆಗಳ ಎರಡು ಪಕ್ಕ ಕೂರುವುದನ್ನು ಬಿಡಿಸಿ, ಮೆಟ್ಟಿಲಿನ ಮುಂದೆ ಜಮಖಾನ ಹಾಸಿ ಹತ್ತಿರ ಹತ್ತಿರ ಕೂರಿಸಿದೆ. ಇಬ್ಬರು ಭುಜಕ್ಕೆ ಭುಜ ತಾಗುವಂತೆ ನೇರ ಸಾಲಿನಲ್ಲಿ ಕೂತರೆ ನಾಲ್ಕು ಅಡಿ ಬೇಕು, ನಮಗಿರುವುದು 3.8. ಆದ್ದರಿಂದ ಮೊಮ್ಮಗಳನ್ನು ಅರ್ಧ ಹೆಜ್ಜೆ ಹಿಂದಕ್ಕೆ, ಅಜ್ಜಿಯ ಕಡೆಗೆ ಓರೆಯಾಗಿ ತಿರುಗಿಸಿ ಕೂರಿಸಿದೆ. ಅಗಲ ಮೂರು ಅಡಿಗೆ ಇಳಿಯಿತು. ತಾಳ ಹಾಕುವ ಕೈ ಹೊರಗೆ ಚಾಚಿದರೂ ಗೆರೆ ದಾಟುವುದಿಲ್ಲ. ಹೇಳಿಕೊಡುವವಳನ್ನು ನೋಡುತ್ತ ಹಾಡುವುದು ಮಗುವಿಗೂ ಸಹಜವಾಯಿತು. ಗೊಂಬೆಗಳು ಅವರ ಹಿಂದೆ, ಮೇಲಕ್ಕೆ ಏರಿದವು. ನಿಲುವು ಚಿತ್ರಕ್ಕೆ ಇದಕ್ಕಿಂತ ಒಪ್ಪುವ ಜೋಡಣೆ ಇಲ್ಲ. ಅಡ್ಡ ಚಿತ್ರದಲ್ಲಿ ಪಕ್ಕಗಳು ಬರಿದಾಗಿ ಕಾಣದಿರಲೆಂದು ಎಡಕ್ಕೆ ದೀಪದ ಕಂಬ, ಬಲಕ್ಕೆ ತಾಂಬೂಲದ ತಟ್ಟೆ ಇಟ್ಟೆವು. ಅವು ಇದ್ದರೆ ಶೋಭೆ, ಕತ್ತರಿಸಿ ಹೋದರೆ ನಷ್ಟವಿಲ್ಲ. ಯಾವುದು ಹೋದರೆ ನಷ್ಟವಿಲ್ಲವೋ ಅದನ್ನು ಪಕ್ಕದಲ್ಲಿಡುವುದೇ ಇದರ ಗುಟ್ಟು.

ಮೂರನೆಯದು ಎತ್ತರ. ನಾವು ನಿಂತು, ಕೆಳಗೆ ಕುಳಿತವರನ್ನು ಚಿತ್ರಿಸಿದರೆ ಮುಖಗಳು ಚೌಕಟ್ಟಿನ ಕೆಳಭಾಗಕ್ಕೆ ಇಳಿಯುತ್ತವೆ. ಟಿವಿಯಲ್ಲಿ ಅದು ಅಷ್ಟು ಬಾಧಕವಲ್ಲ. ಆದರೆ ರೀಲ್ಸ್‌ನಲ್ಲಿ ಹೆಸರು, ವಿವರಣೆಯ ಸಾಲುಗಳು ಚಿತ್ರದ ಕೆಳಭಾಗದ ಮೇಲೆಯೇ ಬಂದು ಕೂರುತ್ತವೆ, ಬಲಗಡೆ ಕೆಳಗೆ ಲೈಕು, ಕಾಮೆಂಟುಗಳ ಗುಂಡಿಗಳ ಸಾಲು. ಕೆಳಗಿನ ಮೂರನೇ ಒಂದು ಭಾಗದಲ್ಲಿ ಮುಖ ಇಡಬಾರದು ಎಂದು ತಿಳಿದರೆ ಸಾಕು. ನಾನೂ ಒಂದು ಮಣೆ ಹಾಕಿಕೊಂಡು ಕುಳಿತು, ಫೋನನ್ನು ಚಿಕ್ಕಮ್ಮನ ಮುಖದ ಎತ್ತರಕ್ಕೆ ಸ್ಟ್ಯಾಂಡಿಗೆ ಸಿಕ್ಕಿಸಿದೆ. ಮುಖಗಳು ನಟ್ಟನಡುವೆ ಬಂದವು. ಮುಂದೆ ಹಾಕಿದ್ದ ರಂಗೋಲಿ ಕೆಳಗೆ ಬಂತು. ಅದರ ಮೇಲೆ ಅಕ್ಷರ ಬಿದ್ದರೂ ಬೇಸರವಿಲ್ಲ.

ನಾಲ್ಕನೆಯದು ಚಿತ್ರದ ನುಣುಪು. ಫೋನಿನಲ್ಲಿ ವಿಡಿಯೊ ಗುಣಮಟ್ಟವನ್ನು 4ಕೆ ಎಂದು ಬದಲಿಸಿದೆ. ಸಾಧಾರಣ ವಿಡಿಯೊ 1920 ಚುಕ್ಕಿ ಅಗಲ, 1080 ಎತ್ತರ. ಅದರಿಂದ ನಿಲುವು ತುಂಡು ತೆಗೆದರೆ ಅಗಲ 608 ಚುಕ್ಕಿ ಮಾತ್ರ, ಪರದೆ ತುಂಬಲು ಎಳೆಯಲೇಬೇಕು. 4ಕೆಯಲ್ಲಿ 3840ಕ್ಕೆ 2160. ತುಂಡಿನ ಅಗಲ 1215 ಚುಕ್ಕಿ. ಬೇಕಾದ 1080ಕ್ಕಿಂತ ಹೆಚ್ಚೇ ಇದೆ, ಆದ್ದರಿಂದ ಕತ್ತರಿಸಿದ ಮೇಲೂ ಚಿತ್ರ ಸ್ಫುಟವಾಗಿಯೇ ಇರುತ್ತದೆ. ಇದಕ್ಕೆ ತೆರಬೇಕಾದ ಬೆಲೆ ಎಂದರೆ ಜಾಗ. ಐಫೋನಿನಲ್ಲಿ ಸಾಧಾರಣ ವಿಡಿಯೊ ನಿಮಿಷಕ್ಕೆ ಸುಮಾರು 60 ಎಂಬಿ ತಿಂದರೆ 4ಕೆ ಸುಮಾರು 170 ಎಂಬಿ ತಿನ್ನುತ್ತದೆ. ಐದು ನಿಮಿಷದ ಹಾಡಿಗೆ 850 ಎಂಬಿ. ಹಾಡು ಶುರುವಾಗುವ ಮುಂಚೆ ಫೋನಿನಲ್ಲಿ ಅಷ್ಟು ಜಾಗವಿದೆಯೇ ಎಂದು ನೋಡಿಕೊಳ್ಳದಿದ್ದರೆ ಪಲ್ಲವಿ ಸಿಕ್ಕಿ ಚರಣ ತಪ್ಪುತ್ತದೆ.

ಎಲ್ಲ ಸಿದ್ಧವಾದ ಮೇಲೆ ಹತ್ತು ಸೆಕೆಂಡು ಸುಮ್ಮನೆ ತೆಗೆದು, ಫೋನಿನಲ್ಲೇ ನಿಲುವಾಗಿ ಕತ್ತರಿಸಿ ನೋಡಿದೆ. ಮೊಮ್ಮಗಳ ಜಡೆಯ ಕುಚ್ಚು ಅಂಚಿಗೆ ತಾಗುತ್ತಿತ್ತು. ಅವಳನ್ನು ನಾಲ್ಕು ಅಂಗುಲ ಒಳಗೆ ಸರಿಸಿದೆ. ಈ ಹತ್ತು ಸೆಕೆಂಡಿನ ಪರೀಕ್ಷೆ ಒಂದನ್ನು ಮಾಡಿದರೆ ಮೇಲಿನ ಲೆಕ್ಕಗಳೆಲ್ಲ ಮರೆತರೂ ನಡೆಯುತ್ತದೆ.

ಹಾಡು ಮುಗಿದ ಮೇಲೆ ಮೂಲವನ್ನು ಕಂಪ್ಯೂಟರಿಗೂ ಒಂದು ಪೆನ್‌ಡ್ರೈವಿಗೂ ಇಳಿಸಿ, ಆಮೇಲೆ ನಕಲಿನ ಮೇಲೆ ಕತ್ತರಿ ಆಡಿಸಿದೆ. ದೂರದವರಿಗೆ ಮೂಲವನ್ನೇ ಕಳಿಸಬೇಕಾದಾಗ ವಾಟ್ಸ್ಆಪ್‌ನಲ್ಲಿ ವಿಡಿಯೊ ಎಂದು ಕಳಿಸದೆ ‘ಡಾಕ್ಯುಮೆಂಟ್’ ಎಂದು ಕಳಿಸಿದರೆ ಕುಗ್ಗದೆ ಹೋಗುತ್ತದೆ. ಸಂಘದ ಸಭಾಂಗಣದಲ್ಲಿ ಅಡ್ಡ ಚಿತ್ರ ತೋರಿಸಿದಾಗ ದೀಪ, ತಾಂಬೂಲ, ಗೊಂಬೆ ಎಲ್ಲ ಕಂಡವು. ಅಮೆರಿಕಕ್ಕೆ ಹೋದ ನಿಲುವು ಚಿತ್ರದಲ್ಲಿ ಅಜ್ಜಿ ಮೊಮ್ಮಗಳು ಪರದೆ ತುಂಬ ಕಂಡರು. ಎರಡನ್ನೂ ನೋಡಿದವರಿಗೆ ಒಂದು ಇನ್ನೊಂದರ ತುಂಡು ಎಂದು ತಿಳಿಯಲಿಲ್ಲ.

ಈ ಉಪಾಯಕ್ಕೆ ಮಿತಿಯೂ ಇದೆ. ಒಬ್ಬರು, ಇಬ್ಬರು, ಒತ್ತಿ ಕುಳಿತರೆ ಮೂವರು, ಅಷ್ಟೇ. ರಾಜ್ಯೋತ್ಸವದಂದು ವೇದಿಕೆಯ ಮೇಲೆ ಎಂಟು ಮಕ್ಕಳು ಕೋಲಾಟ ಆಡುವಾಗ ನಡುವಿನ ಸಾಲಿನಲ್ಲಿ ಎಲ್ಲರನ್ನೂ ತುರುಕಲು ಹೋದರೆ ಅದು ಕೋಲಾಟವಲ್ಲ, ಬಸ್ಸಿನ ನೂಕುನುಗ್ಗಲು. ಹಿಂದಕ್ಕೆ ಸರಿದು ಎಲ್ಲರನ್ನೂ ಸಾಲಿನೊಳಗೆ ತಂದರೆ ಮಕ್ಕಳು ಇರುವೆಗಳಾಗುತ್ತಾರೆ. ಅಂಥ ಕಡೆ ಒಬ್ಬರು ಅಡ್ಡ ಹಿಡಿದು ಪೂರ್ತಿ ಕುಣಿತವನ್ನು ತೆಗೆಯಲಿ, ಇನ್ನೊಬ್ಬರು ಇನ್ನೊಂದು ಫೋನನ್ನು ನೆಟ್ಟಗೆ ಹಿಡಿದು ವೇದಿಕೆಯ ಹತ್ತಿರದಿಂದ ಒಂದೊಂದು ಜೋಡಿಯನ್ನೇ ತೆಗೆಯಲಿ. ಎರಡನೇ ಫೋನು ಇಲ್ಲದಿದ್ದರೆ ಅಡ್ಡ ಚಿತ್ರವನ್ನು ಕತ್ತರಿಸದೆ, ನಿಲುವು ಪರದೆಯ ನಡುವೆ ಹಾಗೆಯೇ ಇಟ್ಟು, ಮೇಲೆ ಕೆಳಗೆ ಖಾಲಿ ಜಾಗ ಬಿಟ್ಟರೂ ಸರಿ. ಚಿತ್ರ ಪರದೆಯ ಮೂರನೇ ಒಂದು ಭಾಗವಷ್ಟೇ ಆದರೂ ಯಾರ ಮಗುವೂ ಹೊರಗೆ ಉಳಿಯುವುದಿಲ್ಲ. ಖಾಲಿ ಜಾಗದಲ್ಲಿ ಕಾರ್ಯಕ್ರಮದ ಹೆಸರನ್ನು ಕನ್ನಡದಲ್ಲಿ ಬರೆಯಬಹುದು.

ಈ ಆಕಾರಗಳಾದರೂ ಶಾಶ್ವತವೇ? ನಮ್ಮ ಟಿವಿ ನಾಲ್ಕು-ಮೂರರಿಂದ ಹದಿನಾರು-ಒಂಬತ್ತಕ್ಕೆ ಬಂದದ್ದನ್ನು ನಾವೇ ಕಂಡಿದ್ದೇವೆ. ಇನ್‌ಸ್ಟಾಗ್ರಾಮ್‌ನಲ್ಲಿ ವರ್ಷಗಟ್ಟಲೆ ಚೌಕವಾಗಿದ್ದ ಮುಖಪುಟದ ಮನೆಗಳು 2025ರ ಜನವರಿಯಲ್ಲಿ ನಿಲುವಾದವು. ಚೌಕಕ್ಕೆಂದು ಅಂಚಿನವರೆಗೆ ಅಕ್ಷರ ಬರೆದಿದ್ದವರ ಹಳೆಯ ಚಿತ್ರಗಳಲ್ಲಿ ಆದಿ ಅಂತ್ಯದ ಅಕ್ಷರಗಳು ಮಾಯವಾದವು. ಯೂಟ್ಯೂಬ್ 2024ರ ಅಕ್ಟೋಬರ್ 15ರಿಂದ ಮೂರು ನಿಮಿಷದವರೆಗಿನ ಚೌಕ ಮತ್ತು ನಿಲುವು ವಿಡಿಯೊಗಳನ್ನು ಶಾರ್ಟ್ಸ್ ಎಂದು ಎಣಿಸತೊಡಗಿತು. ನಾಳೆ ಇನ್ನೊಂದು ಆಕಾರ ಬಂದೀತು. ಮುಖ್ಯವಾದದ್ದನ್ನು ನಡುವೆ ಇಟ್ಟು, ಸುತ್ತ ಒಂದಿಷ್ಟು ಜಾಗ ಬಿಟ್ಟು ತೆಗೆದದ್ದು ಮಾತ್ರ ಎಲ್ಲ ಆಕಾರಗಳಿಗೂ ಒಗ್ಗುತ್ತದೆ.

ಮುಂದಿನ ತಿಂಗಳ ಕಾರ್ಯಕ್ರಮಕ್ಕೆ ಫೋನು ಹಿಡಿದು ಬರುವ ಸದಸ್ಯರು ಇಂದೇ ಗ್ರಿಡ್ ಗೆರೆಗಳನ್ನು ಚಾಲೂ ಮಾಡಿಕೊಂಡು, ಮನೆಯ ಹಿರಿಯರಿಬ್ಬರನ್ನು ಎದುರಿಗೆ ಕೂರಿಸಿ ಒಂದು ಸಲ ತೆಗೆದು ನೋಡಲಿ. ಅಭ್ಯಾಸಕ್ಕೆಂದು ತೆಗೆದ ಆ ವಿಡಿಯೊವನ್ನು ಮಾತ್ರ ಅಳಿಸುವುದು ಬೇಡ.